9 ವರ್ಷದ ಹುಡುಗಿ, 11 ನರಹುಲಿ, ಎರಡು ಸುಣ್ಣದ ಗಾಯ: ಪ್ರಕರಣ ಅಧ್ಯಯನ

ಹೊನ್ನಾವರ ಸೀಮೆಯ ಒಂದು ಹಳ್ಳಿ, ನಾಲ್ಕನೇ ತರಗತಿಯ ಹುಡುಗಿ. ಯಾರ ಗುರುತೂ ಸಿಗಬಾರದೆಂದು ಇದೇ ತೊಂದರೆಯ ಹಲವು ಮಕ್ಕಳ ವಿವರಗಳನ್ನು ಇಲ್ಲಿ ಒಬ್ಬಳದೇ ಎಂಬಂತೆ ಕೂಡಿಸಿದೆ. ನರಹುಲಿ ಹಬ್ಬಿದ ರೀತಿ, ಮನೆಮದ್ದು ಎಡವಿದ ಜಾಗ, ಕೊನೆಗೆ ಫಲ ಕೊಟ್ಟ ಉಪಾಯ, ಇವೆಲ್ಲ ಕರಾವಳಿಯ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವಂಥವು.

ಮೊದಲನೆಯದು ಜೂನ್‌ನಲ್ಲಿ ಕಣ್ಣಿಗೆ ಬಿತ್ತು. ಬಲಗೈ ತೋರುಬೆರಳಿನ ಉಗುರಿನ ಪಕ್ಕ, ಸಾಸಿವೆ ಕಾಳಿನಷ್ಟು ದೊರಗು ಗಂಟು. ಏಪ್ರಿಲ್ ರಜೆಯಲ್ಲಿ ಅದೇ ಜಾಗದಲ್ಲಿ ಮುಳ್ಳು ಗೀರಿತ್ತೆಂದು ತಾಯಿಗೆ ನೆನಪಿತ್ತು. ಮುಳ್ಳು ಒಳಗೇ ಮುರಿದು ಗಂಟಾಗಿರಬೇಕು ಎಂದುಕೊಂಡು ಸೂಜಿಯಿಂದ ಕೆದಕಿದ್ದರು. ಮುಳ್ಳು ಸಿಗಲಿಲ್ಲ, ಒಂದೆರಡು ಹನಿ ರಕ್ತ ಬಂತು. ಅಕ್ಟೋಬರ್ ಹೊತ್ತಿಗೆ ಗಂಟುಗಳು ಏಳಾದವು. ಡಿಸೆಂಬರ್ ನಡುವೆ ಚರ್ಮದ ವೈದ್ಯರ ಬಳಿ ಬಂದಾಗ ಲೆಕ್ಕ ಹೀಗಿತ್ತು: ತೋರುಬೆರಳಲ್ಲಿ ಮೂರು, ಹೆಬ್ಬೆರಳಲ್ಲಿ ಒಂದು, ನಡುಬೆರಳಲ್ಲಿ ಎರಡು, ಬಲಗೈ ಹಿಂಬದಿಯಲ್ಲಿ ಗೆರೆ ಎಳೆದಂತೆ ಸಾಲಾಗಿ ಮೂರು, ಎಡಗೈ ಹೆಬ್ಬೆರಳಲ್ಲಿ ಒಂದು, ಕೆಳದುಟಿಯ ಅಂಚಿನಲ್ಲಿ ದಾರದ ತುದಿಯಂತೆ ನಿಂತ ಒಂದು. ಒಟ್ಟು ಹನ್ನೊಂದು. ಜೊತೆಗೆ ಕೈ ಹಿಂಬದಿಯ ಸಾಲಿನ ನಡುವಿನದರ ಮೇಲೂ, ಉಗುರಿನ ಪಕ್ಕದ್ದರ ಮೇಲೂ ಸುಣ್ಣದಿಂದ ಸುಟ್ಟ ಗಾಯ.

ಇದು ನರಹುಲಿಯೇ ಹೌದೇ?

ನಮ್ಮ ಮಾತಿನಲ್ಲಿ ‘ನರಹುಲಿ’ ಎಂಬ ಒಂದೇ ಹೆಸರು ಎರಡು ಬೇರೆ ವಸ್ತುಗಳಿಗೆ ಸಲ್ಲುತ್ತದೆ. ಗೊಂದಲದ ಬೇರು ಅಲ್ಲಿಯೇ ಇದೆ. ದೊಡ್ಡವರ ಕುತ್ತಿಗೆಯಲ್ಲಿ, ಕಂಕುಳಲ್ಲಿ ಮೆತ್ತಗೆ ಜೋತುಬಿದ್ದ, ತೊಟ್ಟಿರುವ ಚರ್ಮದ ಚೂರು ಒಂದು ಬಗೆ. ಅದು ಸೋಂಕಲ್ಲ, ಹರಡುವುದೂ ಇಲ್ಲ. ಮಗುವಿನ ಬೆರಳಿನ ದೊರಗು ಗಂಟು ಇನ್ನೊಂದು ಬಗೆ, ಅದನ್ನು ತರುವುದು ವೈರಸ್. ಕುದುರೆ ಬಾಲದ ಕೂದಲನ್ನೋ ದಾರವನ್ನೋ ಬಿಗಿದು ಕಟ್ಟಿದರೆ ನರಹುಲಿ ಉದುರುತ್ತದೆ ಎಂಬ ಮಾತು ಹೊಂದುವುದು ಮೊದಲ ಬಗೆಗೆ ಮಾತ್ರ. ತೊಟ್ಟಿರುವುದಕ್ಕೆ ಕಟ್ಟಿದರೆ ರಕ್ತ ನಿಂತು ಅದು ಒಣಗಬಹುದು. ಅಗಲ ಬುಡದ ಗಂಟಿಗೆ ದಾರ ನಿಲ್ಲುವುದೇ ಇಲ್ಲ. ಬಲವಂತವಾಗಿ ಬೆರಳಿಗೇ ಸುತ್ತಿ ಬಿಗಿದರೆ ಬೆರಳು ಊದಿಕೊಳ್ಳುತ್ತದೆ.

ಗುರುತಿಸಲು ಎರಡು ಲಕ್ಷಣ ಸಾಕು. ಬೆರಳಿನ ಮೇಲಿನ ಸಣ್ಣ ಗೆರೆಗಳು ಗಂಟಿನ ಹತ್ತಿರ ಬಂದು ತುಂಡಾಗಿ ಅದನ್ನು ಬಳಸಿ ಹೋಗುತ್ತವೆ, ಅದರ ಮೇಲೆ ಹಾಯುವುದಿಲ್ಲ. ಮೇಲ್ಪದರವನ್ನು ಸ್ವಲ್ಪ ತಿಕ್ಕಿದರೆ ಗಸಗಸೆಯಂಥ ಕಪ್ಪು ಚುಕ್ಕೆಗಳು ಕಾಣುತ್ತವೆ. ಈ ಚುಕ್ಕೆಗಳನ್ನು ಜನ ‘ಬೇರು’ ಎನ್ನುತ್ತಾರೆ. ಅವು ನರಹುಲಿಯೊಳಕ್ಕೆ ಬೆಳೆದ ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ, ಅಷ್ಟೇ. ಮುತ್ತಿನಂತೆ ನುಣುಪಾಗಿದ್ದು ನಡುವೆ ಚಿಕ್ಕ ಕುಳಿಯಿದ್ದರೆ ಅದು ಮೊಲಸ್ಕಂ ಎಂಬ ಬೇರೆಯೇ ವೈರಸ್ ಸೋಂಕು. ಅದಕ್ಕೆ ಮುಂದೆ ಹೇಳುವ ಔಷಧ ಹಚ್ಚಬಾರದು.

ನರಹುಲಿಗೆ ಬೇರಿಲ್ಲ ಎಂಬುದು ಈ ಪ್ರಕರಣದ ಕೀಲಿ. ಅದು ಇರುವುದು ಹೊರಚರ್ಮದಲ್ಲಿ ಮಾತ್ರ. ಎಷ್ಟೇ ದಪ್ಪವಾಗಿ ಬೆಳೆದರೂ ಕೆಳಗಿನ ಒಳಚರ್ಮವನ್ನು ಒತ್ತುತ್ತದೆಯೇ ಹೊರತು ಅದರೊಳಗೆ ಇಳಿಯುವುದಿಲ್ಲ. ಕಲೆ ಉಳಿಯುವುದು ಒಳಚರ್ಮಕ್ಕೆ ಪೆಟ್ಟಾದಾಗ. ಹಾಗಾಗಿ ಯಾವುದೇ ಮದ್ದನ್ನು ತೂಗಲು ಒಂದೇ ಪ್ರಶ್ನೆ ಕೇಳಬಹುದು: ಇದು ಹೊರಚರ್ಮದಲ್ಲೇ ನಿಲ್ಲುತ್ತದೆಯೋ, ಕೆಳಕ್ಕೆ ಇಳಿಯುತ್ತದೆಯೋ?

ಒಂದು ಹನ್ನೊಂದಾದ ಬಗೆ

ಕಪ್ಪೆ ಮುಟ್ಟಿದ್ದರಿಂದ ಬಂತು ಎಂದು ಮನೆಯಲ್ಲಿ ಬೈಸಿಕೊಂಡಿದ್ದಳು. ಕಪ್ಪೆಯ ಮೈ ಗಂಟುಗಂಟಾಗಿರುವುದು ಅದರ ಗ್ರಂಥಿಗಳಿಂದ, ಮಗುವಿನ ನರಹುಲಿಗೆ ಅದು ಕಾರಣವಲ್ಲ. ಕಾರಣ ಎಚ್‌ಪಿವಿ ಎಂಬ ವೈರಸ್. ಈ ಹೆಸರು ಕೇಳಿದೊಡನೆ ಹುಡುಗಿಯ ತಂದೆ ಗಾಬರಿಯಾದರು, ಏಕೆಂದರೆ ಗರ್ಭಕಂಠದ ಕ್ಯಾನ್ಸರ್ ಲಸಿಕೆಯ ಸುದ್ದಿಯಲ್ಲಿ ಅದೇ ಹೆಸರು ಓದಿದ್ದರು. ಈ ವೈರಸ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಆ ಕ್ಯಾನ್ಸರ್‌ಗೆ ಮುಖ್ಯ ಕಾರಣ 16 ಮತ್ತು 18ನೇ ಬಗೆ. ಮಕ್ಕಳ ಕೈಯ ನರಹುಲಿಗೆ ಸಾಮಾನ್ಯವಾಗಿ 2, 4, 27, 57ರಂಥ ಬಗೆಗಳು. ಇವೆರಡಕ್ಕೂ ಹೆಸರಿನ ನಂಟಷ್ಟೇ.

ವೈರಸ್ ಒಳಹೋಗಲು ಚರ್ಮದಲ್ಲಿ ಸಣ್ಣ ಗೀರು ಬೇಕು. ಇಲ್ಲಿ ಮುಳ್ಳು ಆ ಬಾಗಿಲು ತೆರೆದಿತ್ತು. ಹೊರಚರ್ಮದ ತಳದ ಕೋಶಕ್ಕೆ ಸೇರಿದ ವೈರಸ್ ಆ ಕೋಶಗಳೊಂದಿಗೆ ಮೇಲೇರುತ್ತದೆ. ತಳದ ಕೋಶ ಮೇಲೆ ಬಂದು ಹೊಟ್ಟಾಗಿ ಉದುರಲು ಸುಮಾರು ನಾಲ್ಕು ವಾರ ಬೇಕು. ಹೊಸ ವೈರಸ್ ಹೊರಬೀಳುವುದು ಆ ಹೊಟ್ಟಿನ ಜೊತೆಗೆ. ಗೀರು ಬಿದ್ದ ಮೇಲೆ ಗಂಟು ಕಾಣಿಸಲು ಎರಡು-ಮೂರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ‘ಯಾರಿಂದ ಬಂತು’ ಎಂದು ನಿನ್ನೆ ಮೊನ್ನೆಯ ಗೆಳತಿಯರನ್ನು ದೂರುವುದು ಅದಕ್ಕೇ ವ್ಯರ್ಥ.

ಅಜ್ಜಿ ಹೇಳಿದ್ದ ಮಾತೊಂದಿತ್ತು: ‘ಅದರ ರಕ್ತ ಬಿದ್ದಲ್ಲೆಲ್ಲ ಮತ್ತೊಂದು ಹುಟ್ಟುತ್ತದೆ.’ ಕಂಡದ್ದು ಸರಿ, ಕೊಟ್ಟ ಕಾರಣ ತಪ್ಪು. ವೈರಸ್ ರಕ್ತದಲ್ಲಿ ಇರುವುದಿಲ್ಲ. ಆದರೆ ರಕ್ತ ಬರುವಷ್ಟು ಕೆದಕಿದಾಗ ವೈರಸ್ ತುಂಬಿದ ಹೊಟ್ಟು ಸುತ್ತಲಿನ ಗೀರಿಗೆ ಬೀಳುತ್ತದೆ. ತಾಯಿಯ ಸೂಜಿ ಮಾಡಿದ್ದು ಅದನ್ನೇ. ತೋರುಬೆರಳಿನ ಎರಡನೆಯದೂ ಮೂರನೆಯದೂ ಸೂಜಿ ಆಡಿದ ಜಾಗದ ಅಕ್ಕಪಕ್ಕವೇ ಎದ್ದವು.

ಉಳಿದವಕ್ಕೂ ದಾರಿ ಸಿಕ್ಕಿತು. ಹುಡುಗಿಗೆ ಉಗುರು ಕಚ್ಚುವ ಅಭ್ಯಾಸವಿತ್ತು. ಎರಡೂ ಹೆಬ್ಬೆರಳು, ನಡುಬೆರಳು, ಕೊನೆಗೆ ತುಟಿ, ಎಲ್ಲವೂ ಹಲ್ಲು ಮುಟ್ಟುವ ಜಾಗಗಳೇ. ಕೈ ಹಿಂಬದಿಯ ಸಾಲು ಉಗುರಿನ ಗೀರಿನದು. ಸೊಳ್ಳೆ ಕಚ್ಚಿದ್ದಕ್ಕೆ ಒಮ್ಮೆ ಜೋರಾಗಿ ಕೆರೆದಿದ್ದಳು, ಆ ಗೆರೆಯುದ್ದಕ್ಕೆ ಬೀಜ ಬಿತ್ತಿದಂತೆ ಮೂರು ಎದ್ದವು. ಗೆರೆಯಾಗಿ ಎದ್ದ ನರಹುಲಿ ಕಂಡರೆ ಕೆರೆತವೇ ಕಾರಣವೆಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಕರಾವಳಿಯ ಮಳೆಗಾಲವೂ ಕೂಡಿತು. ನೆನೆದು ಮೆತ್ತಗಾದ ಚರ್ಮ ಬೇಗ ಸುಲಿಯುತ್ತದೆ, ವೈರಸ್‌ಗೆ ದಾರಿ ಬಿಡುತ್ತದೆ.

ಶಾಲೆಯಲ್ಲಿ ಬೇರೆ ಕೂರಿಸಬೇಕೇ ಎಂದು ಶಿಕ್ಷಕರು ಕೇಳಿದ್ದರು. ಬೇಡ. ಒಣಚರ್ಮಕ್ಕೆ ಒಮ್ಮೆ ಕೈ ತಾಗಿದ ಮಾತ್ರಕ್ಕೆ ಸುಲಭವಾಗಿ ಹತ್ತುವ ಸೋಂಕಲ್ಲ ಇದು. ಮನೆಯಲ್ಲಿ ಅವಳ ಟವೆಲ್ ಬೇರೆ ಇಟ್ಟರೆ ಸಾಕು.

ಸುಣ್ಣ ಮತ್ತು ಸೋಡಾ

ನವೆಂಬರ್‌ನಲ್ಲಿ ಅಜ್ಜಿ ಕವಳದ ತಟ್ಟೆಯ ಸುಣ್ಣಕ್ಕೆ ಬಟ್ಟೆ ಸೋಡಾ ಬೆರೆಸಿ ಎರಡು ಗಂಟುಗಳ ಮೇಲಿಟ್ಟರು. ‘ಬುಡ ಸುಟ್ಟರೆ ಮತ್ತೆ ಚಿಗುರೋದಿಲ್ಲ’ ಎಂಬುದು ಅವರ ತರ್ಕ. ಮದ್ದು ಹಳೆಯದು, ಕರ್ನಾಟಕದ ಉದ್ದಗಲಕ್ಕೂ ಬಳಕೆಯಲ್ಲಿರುವಂಥದ್ದು. ಎಲೆಯ ಮೇಲೆ ಸವರುವಾಗ ಸುಣ್ಣ ಅಷ್ಟೇನೂ ಸುಡುವುದಿಲ್ಲವಲ್ಲ ಎಂಬ ಧೈರ್ಯವೂ ಇರುತ್ತದೆ.

ಬೆರೆಸಿದಾಗ ಆಗುವುದೇ ಬೇರೆ. ಒದ್ದೆ ಸುಣ್ಣವೂ ಬಟ್ಟೆ ಸೋಡಾವೂ ಕೂಡಿದರೆ ಹೀಗೆ:

Ca(OH)₂ + Na₂CO₃ → 2NaOH + CaCO₃

ಬಲಗಡೆಯ ಮೊದಲನೆಯದು ಕಾಸ್ಟಿಕ್ ಸೋಡಾ. ಹಿಂದೆ ಕಾಸ್ಟಿಕ್ ಸೋಡಾ ತಯಾರಿಸುತ್ತಿದ್ದುದೇ ಈ ಕ್ರಿಯೆಯಿಂದ. ಅಂದರೆ ಅಡುಗೆಮನೆಯಲ್ಲಿ ಬೆರಳ ತುದಿಯಷ್ಟು ಕಾಸ್ಟಿಕ್ ತಯಾರಿಸಿ ಮಗುವಿನ ಚರ್ಮದ ಮೇಲಿಟ್ಟಂತಾಯಿತು. ಆಸಿಡ್ ತಾಗಿದರೆ ಮೇಲಿನ ಮಾಂಸ ಗಟ್ಟಿಯಾಗಿ ತಾನೇ ಒಂದಷ್ಟು ತಡೆಯಾಗುತ್ತದೆ. ಕ್ಷಾರ ಹಾಗಲ್ಲ, ಕೊಬ್ಬನ್ನೂ ಪ್ರೋಟೀನನ್ನೂ ಕರಗಿಸುತ್ತ ಕೆಳಗಿಳಿಯುತ್ತಲೇ ಇರುತ್ತದೆ. ಮೊದಲಿಗೆ ನೋವು ಕಡಿಮೆ, ಮೋಸವೂ ಅಲ್ಲೇ. ಹುಡುಗಿ ‘ಚುರುಚುರು’ ಎಂದಳು, ಅಜ್ಜಿ ‘ಹಿಡಿಯಿತು, ಬಿಡು’ ಎಂದರು. ಅರ್ಧ ಗಂಟೆ ಕಳೆದು ಅಳು ಜೋರಾದ ಮೇಲೆ ತೊಳೆದರು. ಅಷ್ಟರಲ್ಲಿ ಕೈ ಹಿಂಬದಿಯ ಜಾಗ ಬಿಳಿಚಿ ಸಾಬೂನಿನಂತೆ ಜಾರುತ್ತಿತ್ತು. ಕೈ ಹಿಂಬದಿಯ ಹೊರಚರ್ಮ ಕಾಗದದಷ್ಟು ತೆಳು. ಕ್ಷಾರ ಅದನ್ನು ದಾಟಿ ಒಳಚರ್ಮ ಮುಟ್ಟಲು ಹೊತ್ತೇ ಬೇಕಾಗಲಿಲ್ಲ.

ಆ ಹೊತ್ತಿಗೆ ಮಾಡಬೇಕಾದದ್ದು: ಅಂಟಿದ ಸುಣ್ಣವನ್ನು ಒಣಬಟ್ಟೆಯಿಂದ ಒರೆಸಿ ತೆಗೆದು, ಹರಿಯುವ ನೀರಿನ ಕೆಳಗೆ ಕನಿಷ್ಠ 20 ನಿಮಿಷ, ಜಾರುವ ಅಂಟು ಹೋಗುವ ತನಕ ಕೈ ಹಿಡಿಯುವುದು. ಸುಣ್ಣಕ್ಕೆ ಹುಳಿ ಮದ್ದೆಂದು ಲಿಂಬೆರಸ ಹಿಂಡಬಾರದು, ಎರಡೂ ಕೂಡಿದಾಗ ಶಾಖ ಹುಟ್ಟಿ ಸುಟ್ಟ ಗಾಯದ ಮೇಲೆ ಇನ್ನೊಂದು ಸುಡುವಿಕೆಯಾಗುತ್ತದೆ. ಇಲ್ಲಿ ಅರಿಶಿನ ಒತ್ತಿ ಬಟ್ಟೆ ಕಟ್ಟಿದ್ದರು, ನಾಲ್ಕನೇ ದಿನ ಕೀವಾಯಿತು.

ಇಷ್ಟೆಲ್ಲ ಆದರೂ ನರಹುಲಿ ಹೋಯಿತೇ? ನಡುವೆ ಹುಣ್ಣು ಮಾಯುತ್ತ ಬಂದಂತೆ ಅದರ ಅಂಚಿನಲ್ಲಿ ಉಂಗುರದಂತೆ ಹೊಸ ದೊರಗು ಎದ್ದಿತು. ಕಾಣುವ ಗಂಟಿನ ಸುತ್ತಲಿನ ಚರ್ಮ ನೋಡಲು ಚೆನ್ನಾಗಿದ್ದರೂ ಅದರಲ್ಲೂ ವೈರಸ್ ಇರುತ್ತದೆ. ನಡುವೆ ಬೊಬ್ಬೆಯೆದ್ದು ಸುಲಿದರೆ ಅಂಚಿನದು ಬೆಳೆಯುತ್ತದೆ. ವೈದ್ಯರು ಶೀತದಿಂದ ಸುಟ್ಟಾಗಲೂ ಇಂಥ ಉಂಗುರ ಕೆಲವೊಮ್ಮೆ ಕಾಣುತ್ತದೆ.

ಹೊರಚರ್ಮದಲ್ಲೇ ನಿಲ್ಲುತ್ತದೆಯೋ, ಕೆಳಕ್ಕೆ ಇಳಿಯುತ್ತದೆಯೋ ಎಂಬ ಅದೇ ಪ್ರಶ್ನೆಯಿಂದ ಮಿಕ್ಕ ಮನೆಮದ್ದುಗಳನ್ನೂ ತೂಗಬಹುದು. ನೆರೆಮನೆಯವರು ಹೇಳಿದ್ದ ಗೇರುಬೀಜದ ಸಿಪ್ಪೆಯ ಸೊನೆ ಬೊಬ್ಬೆ ಎಬ್ಬಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ಕೆಲವರಲ್ಲಿ ಅಲರ್ಜಿಯನ್ನೂ ಹುಟ್ಟಿಸುತ್ತದೆ. ಒಮ್ಮೆ ಅಲರ್ಜಿ ಆದವರಿಗೆ ಮುಂದೆ ಗೇರು ಸುಲಿಯುವ ಕೆಲಸವೇ ಕಷ್ಟ, ಗೇರು ಬೆಳೆಯುವ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಕಳ್ಳಿ ಹಾಲು, ಎಕ್ಕದ ಹಾಲು ಬೆರಳಿಗಿಂತ ಕಣ್ಣಿಗೆ ಅಪಾಯ. ಮಗು ನಿದ್ದೆಗಣ್ಣಲ್ಲಿ ಕಣ್ಣುಜ್ಜಿದರೆ ಕಣ್ಣಿನ ಮುಂಪದರವೇ ಮಸುಕಾಗಬಹುದು. ಜಜ್ಜಿದ ಬೆಳ್ಳುಳ್ಳಿಯನ್ನು ರಾತ್ರಿಯಿಡೀ ಕಟ್ಟಿದರೆ ಮಕ್ಕಳ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಊದುಬತ್ತಿಯಿಂದ ಸುಡುವುದನ್ನು, ಬ್ಲೇಡಿನಿಂದ ಕೊಯ್ಯುವುದನ್ನು, ಶೌಚಾಲಯ ತೊಳೆಯುವ ಆಸಿಡ್ ತಾಗಿಸುವುದನ್ನು ಬಿಡಿಸಿ ಹೇಳಬೇಕಿಲ್ಲ.

ಬಾಳೆಹಣ್ಣಿನ ಸಿಪ್ಪೆ, ಹರಳೆಣ್ಣೆ, ಆಲೂಗಡ್ಡೆ ತುಂಡು ಕೆಡುಕು ಮಾಡುವುದಿಲ್ಲ. ದೇವರಿಗೆ ಉಪ್ಪು-ಮೆಣಸಿನ ಹರಕೆ ಹೊತ್ತವರ ಮಕ್ಕಳಿಗೂ ಗುಣವಾಗಿದೆ, ಹೋಮಿಯೋಪತಿಯ ಥೂಜಾ ಗುಳಿಗೆ ನುಂಗಿದವರಿಗೂ ಗುಣವಾಗಿದೆ. ಏನೂ ಮಾಡದಿದ್ದರೂ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರ ನರಹುಲಿ ಒಂದು ವರ್ಷದಲ್ಲಿ, ಮೂರರಲ್ಲಿ ಎರಡು ಪಾಲು ಎರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ವೈರಸ್ ರಕ್ತಕ್ಕೆ ಇಳಿಯದೆ ಹೊರಚರ್ಮದಲ್ಲೇ ಅಡಗಿರುವುದರಿಂದ ದೇಹದ ಕಾವಲಿಗೆ ಅದರ ಸುಳಿವು ಸಿಗುವುದು ತಡ. ಸಿಕ್ಕ ಮೇಲೆ ಕೆಲವೊಮ್ಮೆ ಎಲ್ಲವೂ ಕೆಲವೇ ವಾರಗಳಲ್ಲಿ ಒಟ್ಟಿಗೆ ಮಾಯವಾಗುತ್ತವೆ. ಆ ವಾರ ಯಾವ ಮದ್ದು ನಡೆಯುತ್ತಿತ್ತೋ ಅದಕ್ಕೆ ಹೆಸರು ಬರುತ್ತದೆ.

ಹನ್ನೆರಡು ವಾರದ ಕೆಲಸ

ಮೊದಲ ಎರಡು ವಾರ ಗಾಯ ಮಾಯಿಸಲಿಕ್ಕೇ ಹೋಯಿತು. ತುಟಿಯದಕ್ಕೆ ಯಾವ ಔಷಧವನ್ನೂ ಮನೆಯಲ್ಲಿ ಹಚ್ಚುವಂತಿರಲಿಲ್ಲ. ಮುಖ, ತುಟಿ, ಗುಪ್ತಾಂಗದ ನರಹುಲಿಯನ್ನು ವೈದ್ಯರೇ ನೋಡಬೇಕು. ಇಲ್ಲಿ ಜಾಗ ಮರಗಟ್ಟಿಸಿ, ಕಾಟರಿ ಎಂಬ ಶಾಖದಿಂದ ಸುಡುವ ಉಪಕರಣದಿಂದ ತೆಗೆದರು. ಕೈಯ ಹತ್ತಕ್ಕೆ ಜನವರಿ ಮೊದಲ ವಾರದಿಂದ ಸ್ಯಾಲಿಸಿಲಿಕ್ ಆಸಿಡ್ ಇರುವ ದ್ರವ. ಔಷಧದಂಗಡಿಯಲ್ಲಿ ಸಿಗುವ ಇಂಥ ಬಾಟಲಿಗಳಲ್ಲಿ ಸಾಮಾನ್ಯವಾಗಿ ಸ್ಯಾಲಿಸಿಲಿಕ್ ಆಸಿಡ್ 16.7%, ಲ್ಯಾಕ್ಟಿಕ್ ಆಸಿಡ್ 16.7% ಇರುತ್ತವೆ, ಬಳಿದಾಗ ಒಣಗಿ ಪೊರೆಯಾಗುವ ಕೊಲೋಡಿಯನ್‌ನಲ್ಲಿ ಕರಗಿಸಿರುತ್ತಾರೆ. ಇದೂ ಆಸಿಡ್ ತಾನೇ, ಸುಣ್ಣಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ತಾಯಿ ಕೇಳಿದರು. ಇದು ಚರ್ಮವನ್ನು ಸುಟ್ಟು ತೂತು ಮಾಡುವುದಿಲ್ಲ. ಸತ್ತ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಅಂಟನ್ನು ಸಡಿಲಿಸಿ ದಿನಕ್ಕೊಂದು ತೆಳುಪದರ ಬಿಡಿಸುತ್ತದೆ. ಜೊತೆಗೆ ಆಗುವ ಸಣ್ಣ ಉರಿಯೇ ದೇಹದ ಕಾವಲನ್ನು ಅತ್ತ ಎಳೆಯುತ್ತದೆ ಎಂದು ನಂಬಲಾಗಿದೆ.

ದಿನವೂ ರಾತ್ರಿ ಊಟದ ನಂತರ, ಒಟ್ಟು ಕಾಲು ಗಂಟೆ. ಕೈ ಹಿಡಿಸುವಷ್ಟು ಬಿಸಿಯಾದ ನೀರಲ್ಲಿ 5ರಿಂದ 10 ನಿಮಿಷ ಬೆರಳುಗಳನ್ನು ನೆನೆಸುವುದು. ಮೆತ್ತಗಾದ ಮೇಲೆ ಉಗುರು ತಿಕ್ಕುವ ಕಾಗದದ ಫೈಲಿನಿಂದ ಬಿಳಿ ಹೊಟ್ಟು ಹೋಗುವಷ್ಟು ಮಾತ್ರ ತಿಕ್ಕುವುದು. ಗುಲಾಬಿ ಬಣ್ಣ ಕಂಡರೆ, ಚುಕ್ಕೆ ರಕ್ತ ಬಂದರೆ ಅತಿಯಾಯಿತು. ಆ ಫೈಲ್ ನರಹುಲಿಗೆ ಮಾತ್ರ, ವಾರಕ್ಕೊಮ್ಮೆ ಎಸೆದು ಹೊಸದು. ಅದರಿಂದಲೇ ಅಮ್ಮ ತನ್ನ ಉಗುರು ತಿಕ್ಕಿದರೆ ಅಮ್ಮನಿಗೂ ಬಂದೀತು. ಆಮೇಲೆ ಚೆನ್ನಾಗಿ ಒರೆಸಿ, ಗಂಟಿನ ಸುತ್ತ ಒಳ್ಳೆಯ ಚರ್ಮದ ಮೇಲೆ ಪೆಟ್ರೋಲಿಯಂ ಜೆಲ್ಲಿಯ ಬೇಲಿ. ಬಾಟಲಿಯ ಕಡ್ಡಿ ಬಹಳ ಸಲ ದಪ್ಪ, ಆದ್ದರಿಂದ ಹಲ್ಲುಕಡ್ಡಿಯ ತುದಿಯಿಂದ ಗಂಟಿಗೊಂದು ಹನಿ. ಬಳಸಿದ ಕಡ್ಡಿಯನ್ನು ಮತ್ತೆ ಬಾಟಲಿಗೆ ಅದ್ದುವಂತಿಲ್ಲ. ಐದು ನಿಮಿಷ ಬೆರಳು ಅಗಲಿಸಿ ಕುಳಿತರೆ ಬಿಳಿ ಪೊರೆ ಕಟ್ಟುತ್ತದೆ. ಈ ದ್ರವಕ್ಕೆ ಬೆಂಕಿ ತಟ್ಟನೆ ಹತ್ತುತ್ತದೆ, ಹಾಗಾಗಿ ಒಲೆಯ ಹತ್ತಿರವೋ ದೇವರ ದೀಪದ ಮುಂದೆಯೋ ಹಚ್ಚಬಾರದು. ಕೊನೆಗೆ ಅಂಟುಪಟ್ಟಿ. ಅದು ಔಷಧವನ್ನು ಒಳಗೆ ಹಿಡಿದಿಡುತ್ತದೆ, ಬೆರಳು ಬಾಯಿಗೆ ಹೋಗದಂತೆಯೂ ತಡೆಯುತ್ತದೆ. ಈ ಹುಡುಗಿಯಲ್ಲಿ ಎರಡನೆಯ ಲಾಭವೇ ದೊಡ್ಡದಾಯಿತು.

ಅಂಟುಪಟ್ಟಿ ಒಂದೇ ಸಾಕಲ್ಲ ಎಂದು ಕೇಳುವವರಿದ್ದಾರೆ. 2002ರಲ್ಲಿ ಅಮೆರಿಕದ ಸಣ್ಣ ಅಧ್ಯಯನವೊಂದರಲ್ಲಿ ಡಕ್ಟ್ ಟೇಪ್ ಸುತ್ತಿದವರಲ್ಲಿ 85% ಜನರಿಗೆ ಗುಣ ಕಂಡಿತ್ತು, ಶೀತ ಚಿಕಿತ್ಸೆಗಿಂತ ಹೆಚ್ಚು. 2006ರಲ್ಲಿ ನೆದರ್ಲೆಂಡ್ಸ್‌ನ ಶಾಲಾ ಮಕ್ಕಳಲ್ಲಿ ಆರು ವಾರ ನೋಡಿದಾಗ ಟೇಪಿನಿಂದ 16%, ಹುಸಿ ಚಿಕಿತ್ಸೆಯಿಂದ 6%. ಅಷ್ಟು ಅಂತರ ಆಕಸ್ಮಿಕವೂ ಆಗಿರಬಹುದು. ಟೇಪಿನಿಂದ ಹಾನಿಯಿಲ್ಲ, ಅದನ್ನೇ ನೆಚ್ಚಿ ಕೂರುವಷ್ಟು ಬಲವೂ ಇಲ್ಲ.

ಮೂರನೇ ವಾರ ತೊಡಕು ಬಂತು. ಬೇಗ ಹೋಗಲೆಂದು ತಂದೆ ಬೆಳಿಗ್ಗೆಯೂ ಒಂದು ಹನಿ ಹಾಕತೊಡಗಿದ್ದರು. ಹೆಬ್ಬೆರಳು ಕೆಂಪಾಗಿ ಪೆನ್ಸಿಲ್ ಹಿಡಿಯಲಾಗದಷ್ಟು ನೋವು. ನಾಲ್ಕು ದಿನ ನಿಲ್ಲಿಸಿ ಬರಿಯ ಜೆಲ್ಲಿ ಸವರಿದರು, ಕೆಂಪು ಇಳಿದ ಮೇಲೆ ರಾತ್ರಿ ಮಾತ್ರ ಹಚ್ಚಿದರು. ಇಂಥ ಬಿಡುವು ಕೊಟ್ಟರೆ ಕೆಲಸ ಹಾಳಾಗುವುದಿಲ್ಲ. ನೋವಿನಿಂದ ಬೇಸತ್ತು ಪೂರ್ತಿ ಬಿಟ್ಟುಬಿಟ್ಟರೆ ಮಾತ್ರ ಹಾಳು. ಹೆಚ್ಚಿನ ಮನೆಗಳಲ್ಲಿ ಸೋಲುವುದು ಇಲ್ಲೇ, ಮೂರು-ನಾಲ್ಕನೇ ವಾರದಲ್ಲಿ.

ಆರನೇ ವಾರದ ಕೊನೆಗೆ ಕೈ ಹಿಂಬದಿಯ ಸಾಲಿನ ಎರಡು ತುದಿಯವು ಹೋದವು. ಹತ್ತನೇ ವಾರ ಎರಡೂ ಹೆಬ್ಬೆರಳು, ನಡುಬೆರಳು ಸ್ವಚ್ಛ. ಹೋಯಿತೆಂದು ತಿಳಿಯುವುದು ಗಂಟು ತಗ್ಗಿದಾಗಲ್ಲ, ಚರ್ಮದ ಗೆರೆಗಳು ಆ ಜಾಗದ ಮೇಲೆ ಮತ್ತೆ ನೇರವಾಗಿ ಹಾಯ್ದಾಗ. ತಗ್ಗಿತೆಂದು ಬಿಟ್ಟಿದ್ದರೆ ತಿಂಗಳೊಳಗೆ ಅಲ್ಲೇ ಏಳುತ್ತಿತ್ತು. ಮಾರ್ಚ್ ಕೊನೆಗೆ, ಹನ್ನೆರಡು ವಾರ ತುಂಬಿದಾಗ, ತೋರುಬೆರಳಿನ ಮೂರರಲ್ಲಿ ಎರಡು ಹೋಗಿದ್ದವು. ಉಳಿದದ್ದು ಉಗುರಿನ ಪಕ್ಕದ ಮೊದಲನೆಯದು ಮತ್ತು ಕೈ ಹಿಂಬದಿಯ ಸುಣ್ಣದ ಉಂಗುರ.

ಆಗ ಎರಡು ದಾರಿ ಇದ್ದವು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಎರಡು-ಮೂರು ವಾರಕ್ಕೊಮ್ಮೆ ಹೆಪ್ಪುಗಟ್ಟಿಸುವುದು ಒಂದು. ನೋವಿದೆ, ಕಪ್ಪು ಮೈಬಣ್ಣದಲ್ಲಿ ಬಿಳಿ ಅಥವಾ ಕಪ್ಪು ಮಚ್ಚೆ ಉಳಿಯಬಹುದು, ಉಗುರಿನ ಪಕ್ಕ ಬಲವಾಗಿ ಮಾಡಿದರೆ ಉಗುರಿನ ಬೇರಿಗೇ ಪೆಟ್ಟಾಗಬಹುದು. ಇನ್ನೊಂದು, ಔಷಧ ನಿಲ್ಲಿಸಿ ಟೇಪು ಸುತ್ತಿ ಕಾಯುವುದು. ನೋವಿರಲಿಲ್ಲ, ಹೊಸದು ಎದ್ದಿರಲಿಲ್ಲ, ಉಗುರು ಕಚ್ಚುವುದು ಬಹುಪಾಲು ನಿಂತಿತ್ತು. ವೈದ್ಯರೂ ಮನೆಯವರೂ ಎರಡನೆಯದನ್ನೇ ಆರಿಸಿದರು. ರಕ್ತ ಸೋರುತ್ತಿದ್ದರೆ, ವೇಗವಾಗಿ ಹೆಚ್ಚುತ್ತಿದ್ದರೆ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವ ಮಗುವಾಗಿದ್ದರೆ ಹೀಗೆ ಕಾಯುವಂತಿರಲಿಲ್ಲ.

ಜೂನ್‌ನಲ್ಲಿ ಉಂಗುರ ತಾನಾಗಿ ಕರಗಿತು, ಆಗಸ್ಟ್ ಹೊತ್ತಿಗೆ ಉಗುರಿನ ಪಕ್ಕದ್ದೂ ಹೋಯಿತು. ಹತ್ತು ಜಾಗಗಳಲ್ಲಿ ಒಂಬತ್ತರಲ್ಲಿ ಈಗ ಹುಡುಕಿದರೂ ಗುರುತಿಲ್ಲ. ಕೈ ಹಿಂಬದಿಯ ನಡುವೆ ಮಾತ್ರ ಹುಣಸೆ ಬೀಜದ ಅರ್ಧದಷ್ಟು ನುಣುಪು ಕಲೆ ಇದೆ, ಸುಣ್ಣ ಇಟ್ಟಿದ್ದ ಜಾಗ ಅದು. ಅದೇ ಆಗಸ್ಟ್‌ನಲ್ಲಿ 5 ವರ್ಷದ ತಮ್ಮನ ಮಂಡಿಯಲ್ಲಿ ಒಂದು ಸಣ್ಣ ದೊರಗು ಗಂಟು ಕಂಡಿದೆ. ಅಜ್ಜಿಯೇ ಮೊದಲು ನೋಡಿದ್ದು. ಅಂಟುಪಟ್ಟಿ ತರಿಸಿ, ಮೊಮ್ಮಗನ ಉಗುರು ಕತ್ತರಿಸಿ, ಮಂಡಿಗೆ ಪಟ್ಟಿ ಹಚ್ಚಿ ಬಿಟ್ಟಿದ್ದಾರೆ.